ಒಂದೇ ಸುರಕ್ಷಾಂಕವೂ ಹಂಚಿಹೋದ ಸುರಕ್ಷಾಂಕಗಳೂ: ಭೂತಂತ್ರ ಗಣನೆಯ ಎರಡು ಪದ್ಧತಿಗಳ ವಿಮರ್ಶೆ

ಮಣ್ಣಿನ ಮೇಲೆ ಕಟ್ಟಡವನ್ನು ನಿಲ್ಲಿಸತಕ್ಕವನು ಎರಡು ಸಂಖ್ಯೆಗಳನ್ನು ಹೋಲಿಸಬೇಕಾಗುವುದು: ಕಟ್ಟಡವು ಮಣ್ಣಿನ ಮೇಲೆ ಹೇರುವ ಭಾರವೊಂದು, ಮಣ್ಣು ಮುರಿಯುವುದಕ್ಕೆ ಮುನ್ನ ತಾಳಬಲ್ಲ ಭಾರ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಎಷ್ಟು ಪಾಲು ಹೆಚ್ಚಾಗಿರಬೇಕೆಂಬ ಪ್ರಶ್ನೆಗೆ ಇಂಜಿನಿಯರುಗಳು ಎರಡು ಬಗೆಯ ಉತ್ತರಗಳನ್ನು ಕೊಟ್ಟಿರುವರು. ಹಳೆಯ ಉತ್ತರವು ಕಾರ್ಯಪ್ರತಿಬಲ ಪದ್ಧತಿಯೆಂದು ಹೆಸರಾದುದು. ದಿನನಿತ್ಯದ ಭಾರವನ್ನು ಇದ್ದಂತೆಯೇ ತೆಗೆದುಕೊಂಡು, ಮಣ್ಣಿನ ಅಂತಿಮ ಶಕ್ತಿಯನ್ನು ಒಂದೇ ಒಂದು ಸುರಕ್ಷಾಂಕದಿಂದ ಭಾಗಿಸಿ, ಬಂದ ಬೆಲೆಯೊಳಗೆ ಭಾರವು ಅಡಗಿದರೆ ಸಾಕೆನ್ನುವುದು ಅದರ ರೀತಿ. ಹೊಸ ಉತ್ತರವು ಮಿತಿಸ್ಥಿತಿ ಪದ್ಧತಿ. ಇದು ಆ ಒಂದು ಅಂಕವನ್ನು ಒಡೆದು ಹಂಚುವುದು: ಭಾರಕ್ಕೊಂದು ಗುಣಕ, ಮಣ್ಣಿನ ಬಲಕ್ಕೊಂದು ಗುಣಕ, ಸದಾ ಇರುವ ಭಾರಕ್ಕೂ ಬಂದುಹೋಗುವ ಭಾರಕ್ಕೂ ಬೇರೆಬೇರೆ ಗುಣಕ. ಇವಕ್ಕೆ ಆಂಶಿಕ ಗುಣಕಗಳೆಂದು ಹೆಸರು. ಹೊಸದು ಹಳೆಯದಕ್ಕಿಂತ ಶಾಸ್ತ್ರೀಯವೆಂಬ ಮಾತು ಪಾಠಶಾಲೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಆ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಆಯಾ ಗ್ರಂಥಗಳ ಪಾಠವನ್ನೇ ಹಿಡಿದು, ಒಂದು ಲೆಕ್ಕವನ್ನು ಕಡೆಯವರೆಗೆ ಮಾಡಿ ನೋಡುವುದು ಇಲ್ಲಿಯ ಉದ್ದೇಶ.

ತಳಹದಿಗಳ ವಿಷಯದಲ್ಲಿ ಹಳೆಯ ಪದ್ಧತಿಯ ಪ್ರಸಿದ್ಧ ಅಂಕವು 3. ಟೆರ್ಝಾಘಿ ಮತ್ತು ಪೆಕ್ ಎಂಬವರು 1948ರಲ್ಲಿ ಪ್ರಕಟಿಸಿದ ಮೃತ್ತಿಕಾಶಾಸ್ತ್ರದ ಗ್ರಂಥದ ಮೂಲಕ ಈ ಅಂಕವು ಲೋಕದಲ್ಲೆಲ್ಲ ನೆಲೆಯೂರಿತು. ಆಣೆಕಟ್ಟಿನ ಇಳಿಜಾರಿಗೆ ಒಂದೂವರೆ ಸಾಕೆನ್ನುವ ಶಾಸ್ತ್ರವು ಗೋಡೆಯ ತಳಹದಿಗೆ ಮೂರನ್ನು ಏಕೆ ಕೇಳಬೇಕು? ಗೋಡೆ ಬಿದ್ದರೆ ಆಗುವ ಹಾನಿಯು ಆಣೆ ಒಡೆದರೆ ಆಗುವ ಹಾನಿಗಿಂತ ದೊಡ್ಡದೇನೂ ಅಲ್ಲ. ಇದಕ್ಕೆ ಕಾರಣವೇನೆಂದರೆ, ತಳಹದಿಯ ಮೂರರಲ್ಲಿ ಎರಡು ಕೆಲಸಗಳು ಸೇರಿಕೊಂಡಿವೆ. ಒಂದು, ಮಣ್ಣು ಮುರಿಯದಂತೆ ಕಾಯುವುದು. ಇನ್ನೊಂದು, ಕಟ್ಟಡವು ಹೆಚ್ಚಾಗಿ ಇಳಿಯದಂತೆ ಕಾಯುವುದು. ಜೇಡಿಮಣ್ಣಿನ ಮೇಲೆ ಹೊರಿಸಿದ ಭಾರವು ಅದರ ಅಂತಿಮ ಶಕ್ತಿಯ ಮೂರನೆಯ ಒಂದು ಪಾಲಿನೊಳಗಿದ್ದರೆ ಮಣ್ಣಿನ ಇಳಿತವು ಹೆಚ್ಚುಕಡಮೆ ಭಾರಕ್ಕೆ ಅನುಗುಣವಾಗಿಯೇ ಇರುವುದು. ಅರ್ಧವನ್ನು ಮೀರಿದರೆ ಇಳಿತವು ಭಾರಕ್ಕಿಂತ ವೇಗವಾಗಿ ಬೆಳೆಯುವುದು. ಅನುಭವದಿಂದ ಬಂದ ಆ ಮೂರು ಈ ಎರಡನೆಯ ಕೆಲಸವನ್ನು ಹೇಳದೆಯೇ ಮಾಡುತ್ತಿತ್ತು. ಅದನ್ನು ಕೇವಲ ಸುರಕ್ಷೆಯ ಅಂಕವೆಂದು ಓದಿದವರು ಅದರ ಅರ್ಧ ಅರ್ಥವನ್ನು ಮಾತ್ರ ಓದಿದಂತಾಯಿತು.

ಅಂಕವನ್ನು ಒಡೆಯುವ ಯೋಚನೆಯೂ ಅಷ್ಟೇನೂ ಹೊಸದಲ್ಲ. ಅದೇ 1948ರಲ್ಲಿ ಹೊರಬಂದ ಡಿ. ಡಬ್ಲ್ಯೂ. ಟೇಲರನ ಗ್ರಂಥದಲ್ಲಿ, ಮಣ್ಣಿನ ಅಂಟಿಗೆ ಒಂದು ಅಂಕವನ್ನೂ ಘರ್ಷಣಕ್ಕೆ ಮತ್ತೊಂದು ಅಂಕವನ್ನೂ ಬೇರೆಬೇರೆಯಾಗಿ ಕೊಡಬಹುದೆಂಬ ವಿಚಾರವಿದೆ. ಡೆನ್ಮಾರ್ಕಿನ ಬ್ರಿಂಕ್ ಹಾನ್ಸೆನ್ ಎಂಬ ವಿದ್ವಾಂಸನು 1953ರ ತನ್ನ ಗ್ರಂಥದಲ್ಲಿಯೂ 1956ರ ಲೇಖನದಲ್ಲಿಯೂ ಇದನ್ನು ಒಂದು ಪೂರ್ಣ ಪದ್ಧತಿಯಾಗಿ ಕಟ್ಟಿದನು. ಅವನ ಏರ್ಪಾಡಿನಲ್ಲಿ ಗಮನಿಸತಕ್ಕ ಅಂಶವೊಂದುಂಟು: ಸ್ಥಿರಭಾರಕ್ಕೂ ನೀರಿನ ಒತ್ತಡಕ್ಕೂ ಗುಣಕವು 1, ಅಂದರೆ ಏನನ್ನೂ ಹೆಚ್ಚಿಸತಕ್ಕದ್ದಿಲ್ಲ. ಹೆಚ್ಚಳವೆಲ್ಲ ಚರಭಾರಕ್ಕೆ, ಇಳಿಕೆಯೆಲ್ಲ ಮಣ್ಣಿನ ಬಲಕ್ಕೆ. ಮಣ್ಣಿನ ತೂಕವನ್ನೂ ನೀರಿನ ತೂಕವನ್ನೂ ಮನುಷ್ಯನು ಸಾಕಷ್ಟು ನಿಖರವಾಗಿ ಬಲ್ಲನು. ಅವನಿಗೆ ಸರಿಯಾಗಿ ತಿಳಿಯದಿರುವುದು ಮಣ್ಣಿನ ಬಲ. ಸಂದೇಹವಿರುವ ಕಡೆಯಲ್ಲಿಯೇ ಗುಣಕವನ್ನಿಡಬೇಕೆಂಬ ಈ ವಿವೇಕವು ಮುಂದಿನ ಸಂಹಿತೆಗಳಲ್ಲಿ ಎಲ್ಲ ಕಡೆಯೂ ಉಳಿದುಬರಲಿಲ್ಲ. ಅದರ ಫಲವನ್ನು ಮುಂದೆ ನೋಡಬಹುದು.

ಈಗ ಲೆಕ್ಕ. ಅಂಕಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ರೀತಿ ಮಾತ್ರ ವಾಡಿಕೆಯದು. ಬಯಲಿನಲ್ಲಿ ಒಂಟಿಯಾಗಿ ನಿಂತಿರುವ ಉದ್ದನೆಯ ಗೋಡೆಯೊಂದಿದೆ. ಅದರ ತಳಹದಿಯು 3 ಮೀಟರು ಅಗಲ, ಜೇಡಿಮಣ್ಣಿನ ಮೇಲ್ಮೈಯ ಮೇಲೆ ಕುಳಿತಿದೆ. ಒಂದು ಮೀಟರು ಉದ್ದಕ್ಕೆ ಗೋಡೆಯ ತೂಕವು 90 ಕಿಲೋನ್ಯೂಟನ್. ಗಾಳಿಯು ಗೋಡೆಯನ್ನು ಉರುಳಿಸಲು ಮಾಡುವ ಪ್ರಯತ್ನ, ಅಂದರೆ ಅದರ ಭ್ರಾಮಕ, ಒಂದು ಮೀಟರಿಗೆ 90 ಕಿಲೋನ್ಯೂಟನ್-ಮೀಟರು. ನೀರು ಹೊರಗೆ ಹೋಗಲು ಅವಕಾಶವಿಲ್ಲದ ಸ್ಥಿತಿಯಲ್ಲಿ ಜೇಡಿಮಣ್ಣಿನ ಶಿಯರ್ ಬಲವು 50 ಕಿಲೋಪಾಸ್ಕಲ್. ಇಂಥ ಮಣ್ಣಿನ ಧಾರಣಶಕ್ತಿಯು, ತಳಹದಿ ಪಟ್ಟಿಯಂತೆ ಉದ್ದವಾಗಿದ್ದಾಗ, ಶಿಯರ್ ಬಲದ 5.14 ಪಾಲು, ಎಂದರೆ 257 ಕಿಲೋಪಾಸ್ಕಲ್. ಗಾಳಿಯು ಭಾರದ ದಿಕ್ಕನ್ನು ಓರೆಮಾಡುವುದರಿಂದ ಇದು ಸ್ವಲ್ಪ ಕುಗ್ಗುವುದು. ಲೆಕ್ಕವು ಸರಳವಾಗಿರಲೆಂದು ಆ ಸಣ್ಣ ಕುಗ್ಗನ್ನು ಇಲ್ಲಿ ಬಿಟ್ಟಿದೆ.

ಗಾಳಿಯಿಂದಾಗಿ ಭಾರವು ತಳಹದಿಯ ನಡುವೆ ಬೀಳದೆ ಪಕ್ಕಕ್ಕೆ ಸರಿಯುವುದು. ಭ್ರಾಮಕವನ್ನು ತೂಕದಿಂದ ಭಾಗಿಸಿದರೆ ಆ ಸರಿತವು ದೊರೆಯುತ್ತದೆ: ಇಲ್ಲಿ 1 ಮೀಟರು. ಮಾಯರ್‌ಹಾಫ್ ಎಂಬವನು 1953ರಲ್ಲಿ ತೋರಿಸಿಕೊಟ್ಟ ಪ್ರಕಾರ, ಸರಿತದ ಇಮ್ಮಡಿಯನ್ನು ಅಗಲದಿಂದ ಕಳೆದು ಉಳಿದುದನ್ನು ಮಾತ್ರ ನಿಜವಾಗಿ ಭಾರ ಹೊರುವ ಅಗಲವೆಂದು ಎಣಿಸತಕ್ಕದ್ದು. ಮೂರು ಮೀಟರಿನಿಂದ ಎರಡನ್ನು ಕಳೆದರೆ ಉಳಿಯುವುದು ಒಂದು ಮೀಟರು. ಅದರ ಮೇಲೆ ಮಣ್ಣು ತಾಳುವ ಭಾರ 257. ಇರುವ ಭಾರ 90. ಇವುಗಳ ನಿಷ್ಪತ್ತಿ 2.86. ಉರುಳುವಿಕೆಯನ್ನು ನೋಡಿದರೆ, ತೂಕವು ತಡೆಯುವ ಭ್ರಾಮಕ 135, ಗಾಳಿಯ ಭ್ರಾಮಕ 90, ನಿಷ್ಪತ್ತಿ ಒಂದೂವರೆ. ಹಳೆಯ ವಾಡಿಕೆಯಲ್ಲಿ ಗಾಳಿ ಸೇರಿದ ಸಂದರ್ಭಕ್ಕೆ ಒಂದೂವರೆಯನ್ನು ಸಾಮಾನ್ಯವಾಗಿ ಒಪ್ಪುವರು. ಮೂರಕ್ಕೆ ಹತ್ತಿರವಾದ 2.86ನ್ನು ಕಂಡವನು ನೆಮ್ಮದಿಯಿಂದ ಸಹಿ ಹಾಕಬಹುದು.

ಆದರೆ ಗಾಳಿಯು ಎಣಿಸಿದುದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಾಗಿ ಬೀಸಿತೆನ್ನೋಣ. ಭ್ರಾಮಕ 120, ಸರಿತ 1.33 ಮೀಟರು, ಭಾರ ಹೊರುವ ಅಗಲ 0.33 ಮೀಟರು; ಮಣ್ಣು ತಾಳಬಲ್ಲ ಭಾರ ಸುಮಾರು 86. ಇರುವ ಭಾರ 90. ಗೋಡೆ ಬಿತ್ತು. ತೂಕವು ಬದಲಾಗಲಿಲ್ಲ, ಮಣ್ಣು ಬದಲಾಗಲಿಲ್ಲ. ಸುರಕ್ಷಾಂಕವು ಸುಮಾರು ಮೂರೆಂದು ಕಾಗದದ ಮೇಲೆ ಬರೆದಿದೆ. ಮೂರನೆಯ ಒಂದು ಪಾಲು ಹೆಚ್ಚಿನ ಗಾಳಿಗೆ ಗೋಡೆಯು ಉರುಳಿದೆ. ಇದರ ಗುಟ್ಟು ಇಷ್ಟೆ. 2.86 ಎಂಬ ಅಂಕವು ಕೇಳಿದ ಪ್ರಶ್ನೆಯು, ಗಾಳಿಯೂ ಮಣ್ಣೂ ಸ್ಥಿರವಾಗಿದ್ದು ಭಾರ ಬೀಳುವ ಜಾಗವೂ ಸರಿಯದೆ ನಿಂತಾಗ ಮೇಲಿನ ಭಾರವು ಎಷ್ಟು ಪಾಲು ಹೆಚ್ಚಬಹುದು ಎಂಬುದು. ಯಾರೂ ಗೋಡೆಯ ತೂಕವು ಮೂರುಪಟ್ಟಾಗುವುದೆಂದು ಹೆದರಿರಲಿಲ್ಲ. ಹೆದರಬೇಕಾದುದು ಗಾಳಿಗೆ; ಅಂಕವು ಗಾಳಿಯ ವಿಷಯವಾಗಿ ಏನನ್ನೂ ಹೇಳಿರಲಿಲ್ಲ. ಮೇಲಾಗಿ ಇಲ್ಲಿ ತೂಕವು ಶತ್ರುವಲ್ಲ, ಮಿತ್ರ. ಅದು ಹೆಚ್ಚಾದಷ್ಟೂ ಸರಿತವು ಕಡಮೆಯಾಗುವುದು.

ಯೂರೋಪಿನ ದೇಶಗಳು ಸೇರಿ ಒಪ್ಪಿದ ಸಂಹಿತೆಗಳಲ್ಲಿ ಭೂತಂತ್ರಕ್ಕೆ ಮೀಸಲಾದುದು ಯೂರೋಕೋಡ್ 7. ಅದರ 2004ರ ಪಾಠದಲ್ಲಿ ಮೂರು ವಿನ್ಯಾಸಮಾರ್ಗಗಳಿವೆ. ಯಾವುದನ್ನು ಹಿಡಿಯಬೇಕೆಂಬುದನ್ನು ಆಯಾ ದೇಶಕ್ಕೆ ಬಿಟ್ಟಿದೆ. ಒಂದು ಸಂಹಿತೆಯು ಮೂರು ದಾರಿಗಳನ್ನು ತೋರಿಸುವುದು ಒಪ್ಪಂದದ ಕುರುಹೇ ಹೊರತು ಒಮ್ಮತದ ಕುರುಹಲ್ಲ. ಮೊದಲನೆಯ ಮಾರ್ಗವನ್ನು ಹಿಡಿದು ಅದೇ ಗೋಡೆಯನ್ನು ಪರೀಕ್ಷಿಸಿದರೆ, ಎರಡು ಸಲ ಲೆಕ್ಕ ಮಾಡಬೇಕಾಗುವುದು. ಮೊದಲ ಸಲ ಮಣ್ಣಿನ ಬಲವನ್ನು ಹಾಗೆಯೇ ಇಟ್ಟು ಗಾಳಿಯನ್ನು 1.5ರಿಂದ ಗುಣಿಸತಕ್ಕದ್ದು. ಗೋಡೆಯ ತೂಕವು ಪ್ರತಿಕೂಲವಾದರೆ 1.35ರಿಂದಲೂ ಅನುಕೂಲವಾದರೆ 1ರಿಂದಲೂ ಗುಣಿಸಬೇಕು. ಅನುಕೂಲವೆಂದಿಟ್ಟರೆ ಭ್ರಾಮಕ 135, ತೂಕ 90, ಸರಿತ ಒಂದೂವರೆ ಮೀಟರು. ಭಾರವು ತಳಹದಿಯ ಅಂಚಿಗೇ ಬಂತು, ಹೊರುವ ಅಗಲ ಸೊನ್ನೆ. ಎರಡನೆಯ ಸಲ ಗಾಳಿಗೆ 1.3, ಮಣ್ಣಿನ ಬಲಕ್ಕೆ 1.4ರ ಭಾಗಾಕಾರ. ಹೊರುವ ಅಗಲ 0.4 ಮೀಟರು, ತಾಳುವ ಭಾರ 73, ಇರುವುದು 90. ಎರಡು ಲೆಕ್ಕಗಳಲ್ಲಿಯೂ ಗೋಡೆಯು ತೇರ್ಗಡೆಯಾಗಲಿಲ್ಲ. ಹೊಸ ಪದ್ಧತಿಯು ಅಪಾಯವನ್ನು ಅದಿದ್ದ ಜಾಗದಲ್ಲಿಯೇ ಕೈಯಿಟ್ಟು ತೋರಿಸಿತು. ಚಿಕಿತ್ಸೆಯೂ ದುಬಾರಿಯದಲ್ಲ: ತಳಹದಿಯನ್ನು 3.35 ಮೀಟರಿಗೆ ಅಗಲಿಸಿದರೆ ಎರಡು ಲೆಕ್ಕಗಳೂ ಸರಿಹೋಗುವವು.

ಒಂದು ಎಚ್ಚರಿಕೆಯ ಮಾತು ಇಲ್ಲಿ ಅವಶ್ಯ. ಈ ಲೆಕ್ಕದಲ್ಲಿ ತೂಕವನ್ನು ಪ್ರತಿಕೂಲವೆಂದು ತಿಳಿದು 1.35ರಿಂದ ಗುಣಿಸಿದವನಿಗೆ ತೂಕ 121.5, ಸರಿತ 1.11 ಮೀಟರು, ತಾಳುವ ಭಾರ ಸುಮಾರು 200 ಎಂದು ಬಂದು, ಗೋಡೆಯು ಧಾರಾಳವಾಗಿ ಸುರಕ್ಷಿತವೆಂದು ಕಾಣುವುದು. ತೂಕವು ಮಿತ್ರವೋ ಶತ್ರುವೋ ಎಂಬುದನ್ನು ಸಂಹಿತೆಯು ಹೇಳಿಕೊಡುವುದಿಲ್ಲ. ಎರಡನ್ನೂ ಪರೀಕ್ಷಿಸಿ ನೋಡುವ ಹೊಣೆ ಲೆಕ್ಕ ಮಾಡುವವನದು. ಹೊಸ ಪದ್ಧತಿಯಲ್ಲಿ ನಡೆಯುವ ತಪ್ಪುಗಳಲ್ಲಿ ಇದು ಮುಖ್ಯವಾದುದು. ತಪ್ಪು ನಡೆದಿದೆಯೆಂದು ತಿಳಿಯುವುದಕ್ಕೆ ಸುಲಭವಾದ ಗುರುತೂ ಉಂಟು: ಭಾರವನ್ನು ಹೆಚ್ಚಿಸಿದಾಗ ಸುರಕ್ಷೆಯೂ ಹೆಚ್ಚುತ್ತ ಹೋದರೆ ಗುಣಕವು ತಪ್ಪು ಜಾಗದಲ್ಲಿದೆಯೆಂದು ಅರ್ಥ.

ಇಷ್ಟಕ್ಕೇ ನಿಲ್ಲಿಸಿದರೆ ಹಳೆಯ ಪದ್ಧತಿಗೆ ಅನ್ಯಾಯವಾದೀತು. ಅನುಭವಿಗಳು 2.86ನ್ನು ಮಾತ್ರ ನೋಡಿ ಎಂದೂ ತೃಪ್ತರಾಗಿರಲಿಲ್ಲ. ಭಾರವು ತಳಹದಿಯ ನಡುವಿನ ಮೂರನೆಯ ಪಾಲಿನೊಳಗೇ ಬೀಳಬೇಕೆಂಬ ಕಲ್ಲುಕಟ್ಟಡದ ಹಳೆಯ ನಿಯಮವೊಂದಿತ್ತು. ಈ ಗೋಡೆ ಅದನ್ನು ಮೀರಿದೆ. ಅಂಚಿನ ಒತ್ತಡವು ಧಾರಣಶಕ್ತಿಯ ಮೂರನೆಯ ಒಂದು ಪಾಲನ್ನು, ಇಲ್ಲಿ 86 ಕಿಲೋಪಾಸ್ಕಲನ್ನು, ಮೀರಬಾರದೆಂಬ ಮತ್ತೊಂದು ನಿಯಮವೂ ಇತ್ತು. ಮೂರು ಮೀಟರಿನ ತಳಹದಿಯಲ್ಲಿ ಅರ್ಧ ಅಗಲವು ನೆಲವನ್ನು ಬಿಟ್ಟು ಏಳುವುದರಿಂದ ಅಂಚಿನ ಒತ್ತಡವು 120ಕ್ಕೆ ಏರುವುದು. ಹಳೆಯ ಮೇಸ್ತ್ರಿಯೂ ಇದನ್ನು ತಳ್ಳಿಹಾಕುತ್ತಿದ್ದನು. ಗಾಳಿಗೆಂದು ಯಾವ ರಿಯಾಯಿತಿಯನ್ನೂ ಕೊಡದೆ ಅವನ ನಿಯಮದಂತೆ ಅಗಲವನ್ನು ಕಂಡುಹಿಡಿದರೆ ಬರುವುದು 3.40 ಮೀಟರು. ಹೊಸ ಸಂಹಿತೆಯು ಕೇಳಿದುದು 3.35. ಐದು ಸೆಂಟಿಮೀಟರಿನ ಅಂತರಕ್ಕಾಗಿ ಎರಡು ತಲೆಮಾರಿನ ವಾದವೇ ಎಂದು ಯಾರಾದರೂ ನಕ್ಕರೆ ಆಶ್ಚರ್ಯವಿಲ್ಲ.

ನಗುವುದಕ್ಕೆ ಮುನ್ನ ಗಾಳಿಯನ್ನು ತೆಗೆದುಹಾಕಿ ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು. ಗೋಡೆಯ ತೂಕ 90 ನಟ್ಟನಡುವೆ ಬೀಳುತ್ತಿದೆ. ಹಳೆಯ ಪದ್ಧತಿಯು ಕೇಳುವ ಅಗಲ 1.05 ಮೀಟರು. ಹೊಸ ಪದ್ಧತಿಯಲ್ಲಿ ತೂಕವನ್ನು 1.35ರಿಂದ ಗುಣಿಸಿದರೆ 0.47 ಮೀಟರು, ಮಣ್ಣಿನ ಬಲವನ್ನು 1.4ರಿಂದ ಭಾಗಿಸಿದರೆ 0.49 ಮೀಟರು. ಈಗ ಅಂತರವು ಐದು ಸೆಂಟಿಮೀಟರಲ್ಲ; ಹೊಸದು ಹಳೆಯದರ ಅರ್ಧಕ್ಕೂ ಕಡಮೆ. ಹಾಗಾದರೆ ಹಳಬರು ಇಷ್ಟು ಕಾಲವೂ ಕಾಂಕ್ರೀಟನ್ನು ವ್ಯರ್ಥಮಾಡಿದರೆ? ಇಲ್ಲ. ಮೂರು ಎಂಬ ಅಂಕದ ಎರಡನೆಯ ಕೆಲಸವನ್ನು ಇಲ್ಲಿ ನೆನೆಯಬೇಕು. ಹೊಸ ಪದ್ಧತಿಯು ಮುರಿಯುವ ಮಿತಿಯನ್ನೂ ಬಳಕೆಯ ಮಿತಿಯನ್ನೂ ಬೇರ್ಪಡಿಸಿತು, ಮೊದಲನೆಯದಕ್ಕೆ 0.49 ಮೀಟರು ಸಾಕೆಂದಿತೇ ಹೊರತು, ಗೋಡೆಯು ಇಳಿದು ಬಿರುಕುಬಿಡುವುದಿಲ್ಲವೆಂದು ಹೇಳಲಿಲ್ಲ. ಯೂರೋಕೋಡ್ 7ರಲ್ಲಿಯೇ ಮುಂದೆ ಒಂದು ವಿಧಿಯುಂಟು: ಜೇಡಿಮಣ್ಣಿನ ಮೇಲಿನ ಸಾಮಾನ್ಯ ಕಟ್ಟಡಗಳಲ್ಲಿ, ಗುಣಕಗಳಿಲ್ಲದ ಧಾರಣಶಕ್ತಿಗೂ ಬಳಕೆಯ ಭಾರಕ್ಕೂ ಇರುವ ನಿಷ್ಪತ್ತಿಯು 3ಕ್ಕಿಂತ ಕಡಮೆಯಾದರೆ ಇಳಿತದ ಲೆಕ್ಕವನ್ನು ಯಾವಾಗಲೂ ಮಾಡತಕ್ಕದ್ದು, 2ಕ್ಕಿಂತ ಕಡಮೆಯಾದರೆ, ಆ ಲೆಕ್ಕದಲ್ಲಿ ಮಣ್ಣಿನ ಗಡಸುತನವು ಭಾರದೊಡನೆ ಕುಗ್ಗುತ್ತ ಹೋಗುವುದನ್ನೂ ಗಣಿಸತಕ್ಕದ್ದು. 0.49 ಮೀಟರಿನ ತಳಹದಿಗೆ ಈ ನಿಷ್ಪತ್ತಿ 1.4. ಮುಂಬಾಗಿಲಿನಿಂದ ಕಳುಹಿಸಿಕೊಟ್ಟ ಮೂರು ಹಿತ್ತಿಲ ಬಾಗಿಲಿನಿಂದ ಒಳಕ್ಕೆ ಬಂದು ತನ್ನ ಹಳೆಯ ಜಾಗದಲ್ಲಿಯೇ ಕುಳಿತಿದೆ. ವ್ಯತ್ಯಾಸವೇನೆಂದರೆ, ಈಗ ಅದು ಯಾವ ಕೆಲಸಕ್ಕಾಗಿ ಕುಳಿತಿದೆಯೆಂಬುದನ್ನು ಬಾಯಿಬಿಟ್ಟು ಹೇಳಿದೆ. ಇದನ್ನು ಹೊಸ ಪದ್ಧತಿಯ ನಿಜವಾದ ಲಾಭವೆಂದು ಎಣಿಸಬೇಕು. ಇಳಿತದ ವಿಧಿಯನ್ನು ಓದದೆ ಮುರಿತದ ಲೆಕ್ಕದಲ್ಲಿಯೇ ಕೈತೊಳೆದುಕೊಳ್ಳುವವನಿಗೆ ಇದೇ ದೊಡ್ಡ ಬಲೆ.

ಇಳಿಜಾರುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅಲ್ಲಿ ಮಣ್ಣಿನ ತೂಕವು ತಾನೇ ಜಾರಿಸುವುದು, ತಾನೇ ಘರ್ಷಣವನ್ನು ಹೆಚ್ಚಿಸಿ ತಡೆಯುವುದು. ಅದಕ್ಕೆ ಗುಣಕ ಹಾಕಿದರೆ ಎರಡು ಕಡೆಯೂ ಬೆಳೆದು ಫಲ ಶೂನ್ಯ. ಆದುದರಿಂದ ಅಲ್ಲಿ ಸುರಕ್ಷೆಯೆಲ್ಲವನ್ನೂ ಮಣ್ಣಿನ ಬಲದ ಮೇಲೆಯೇ ಇಡಬೇಕಾಗುವುದು. ಬಿಷಪ್ ಎಂಬವನು 1955ರಲ್ಲಿ ಇಳಿಜಾರಿನ ಸುರಕ್ಷಾಂಕವನ್ನು ಮಣ್ಣಿನ ಬಲದ ಭಾಜಕವೆಂದೇ ನಿರ್ವಚಿಸಿದ್ದನು. ಅಲ್ಲಿ ಹೊಸ ಪದ್ಧತಿಯು ಹಳೆಯದೇ, ಹೆಸರು ಮಾತ್ರ ಬೇರೆ.

ಇನ್ನು ನೀರು. ಹೊಸ ಪದ್ಧತಿಯ ಪಾಠದೋಷವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ. ಸಾಹಿತ್ಯದ ಪಾಠಗಳನ್ನು ಪರಿಷ್ಕರಿಸುವವರಿಗೂ ಇದರಲ್ಲಿ ಸ್ವಾರಸ್ಯವಿದೆಯೆಂದು ತೋರುತ್ತದೆ. ಏಕೆಂದರೆ ಇದು ಒಂದೇ ಅರ್ಥದ ಎರಡು ವಾಕ್ಯಗಳ ಕಥೆ.

ನದಿಯ ಪಕ್ಕದಲ್ಲಿ ಉಕ್ಕಿನ ಹಲಗೆಗಳನ್ನು ನೆಲಕ್ಕೆ ಬಡಿದು, ಒಳಗಡೆ ಅಗೆದು, ನೀರನ್ನು ಪಂಪಿನಿಂದ ಎತ್ತಿ ಹಾಕುತ್ತಿರುವರೆನ್ನಿ. ಹೊರಗಿನ ನೀರು ಹಲಗೆಗಳ ಬುಡವನ್ನು ಸುತ್ತಿ ಬಂದು, ಒಳಗಿನ ಮರಳಿನ ಮೂಲಕ ಮೇಲಕ್ಕೆ ಹರಿಯುವುದು. ಹರಿವು ಬಲವಾದರೆ ಮರಳು ಕುದಿಯುವ ಅನ್ನದಂತೆ ಎದ್ದು ತನ್ನ ಬಲವನ್ನೆಲ್ಲ ಕಳೆದುಕೊಳ್ಳುವುದು, ಹಲಗೆಗಳು ಒಳಕ್ಕೆ ಬೀಳುವವು. ಹಾಗಾಗದಂತೆ ನೋಡಿಕೊಳ್ಳುವುದಕ್ಕೆ ಯೂರೋಕೋಡಿನ 2004ರ ಪಾಠವು ಎರಡು ವಾಕ್ಯಗಳನ್ನು ಕೊಟ್ಟು, ಯಾವುದನ್ನಾದರೂ ಉಪಯೋಗಿಸಬಹುದೆಂದಿದೆ. ಮೊದಲನೆಯದು: ಮಣ್ಣಿನ ಕಂಬದ ಬುಡದಲ್ಲಿರುವ ನೀರಿನ ಒತ್ತಡವು, ಆ ಬುಡದ ಮೇಲಿರುವ ಮಣ್ಣು ನೀರುಗಳ ಒಟ್ಟು ತೂಕವನ್ನು ಮೀರಬಾರದು. ಎರಡನೆಯದು: ಹರಿಯುವ ನೀರು ಮಣ್ಣಿನ ಕಂಬವನ್ನು ಮೇಲಕ್ಕೆ ತಳ್ಳುವ ಬಲವು, ನೀರಿನಲ್ಲಿ ಮುಳುಗಿದ ಆ ಕಂಬದ ತೂಕವನ್ನು ಮೀರಬಾರದು. ಗುಣಕಗಳಿಲ್ಲದಿರುವಾಗ ಎರಡರ ಅರ್ಥವೂ ಒಂದೇ. ನಿಂತ ನೀರಿನ ಒತ್ತಡವು ಮೊದಲ ವಾಕ್ಯದ ಎರಡು ಕಡೆಯೂ ಇದೆ. ಅದನ್ನು ಎರಡು ಕಡೆಯಿಂದಲೂ ಕಳೆದರೆ ಎರಡನೆಯ ವಾಕ್ಯವು ಬರುವುದು.

ಒಂದು ಘನಮೀಟರು ನೀರಿನ ತೂಕವನ್ನು 10 ಕಿಲೋನ್ಯೂಟನ್ನೆಂದೂ, ನೀರು ಕುಡಿದ ಮರಳಿನ ತೂಕವನ್ನು 20 ಎಂದೂ ಇಟ್ಟುಕೊಂಡರೆ, ಮುಳುಗಿದ ಮರಳಿನ ತೂಕ 10. ಒಂದು ಮೀಟರು ಆಳದ ಮರಳಿಗೆ ಒಂದು ಮೀಟರು ಹೆಚ್ಚುವರಿ ನೀರಿನ ಮಟ್ಟವು ಬಂದಾಗ ಮರಳು ಏಳುವುದು. ಎರಡು ವಾಕ್ಯಗಳೂ ಇದನ್ನೇ ಹೇಳುವವು. ಈಗ ಸಂಹಿತೆಯ ಗುಣಕಗಳನ್ನು ಹಾಕಬೇಕು: ಮೇಲಕ್ಕೆ ತಳ್ಳುವುದಕ್ಕೆ 1.35, ತಡೆಯುವುದಕ್ಕೆ 0.9. ಎರಡನೆಯ ವಾಕ್ಯದಲ್ಲಿ, ಹರಿವಿನ ಬಲದ 1.35 ಪಾಲು 10ರ 0.9 ಪಾಲನ್ನು ಮೀರಬಾರದು. ಎಂದರೆ ಒಂದು ಮೀಟರು ಆಳಕ್ಕೆ 0.67 ಮೀಟರು ಹೆಚ್ಚುವರಿ ಮಟ್ಟವನ್ನು ಬಿಡಬಹುದು. ಸುರಕ್ಷಾಂಕ ಒಂದೂವರೆ. ಮೊದಲನೆಯ ವಾಕ್ಯದಲ್ಲಿ, ಬುಡದ ಒತ್ತಡದ 1.35 ಪಾಲು 20ರ 0.9 ಪಾಲನ್ನು, ಅಂದರೆ 18ನ್ನು, ಮೀರಬಾರದು. ಬುಡದ ಒತ್ತಡವು 13.3ರೊಳಗಿರಬೇಕು, ಅದರಲ್ಲಿ 10 ನಿಂತ ನೀರಿನದು, ಹೆಚ್ಚುವರಿ ಮಟ್ಟಕ್ಕೆ ಉಳಿಯುವುದು 0.33 ಮೀಟರು. ಸುರಕ್ಷಾಂಕ ಮೂರು.

ಒಂದೇ ಹೊಂಡ, ಒಂದೇ ಮರಳು, ಒಂದೇ ಗುಣಕ, ಒಂದೇ ಅರ್ಥದ ಎರಡು ವಾಕ್ಯ. ಉತ್ತರಗಳು ಒಂದಕ್ಕೊಂದು ಇಮ್ಮಡಿ. ಹಲಗೆಗಳನ್ನು ಎಷ್ಟು ಆಳಕ್ಕೆ ಬಡಿಯಬೇಕೆಂಬುದು ಗುತ್ತಿಗೆದಾರನ ಹಣದ ಪ್ರಶ್ನೆ ಮಾತ್ರವಲ್ಲ, ಹೊಂಡದೊಳಗೆ ಇಳಿದ ಕೂಲಿಯವರ ಪ್ರಾಣದ ಪ್ರಶ್ನೆ. ಅದು ಲೆಕ್ಕಿಗನು ಯಾವ ವಾಕ್ಯವನ್ನು ಆರಿಸಿಕೊಂಡನೆಂಬುದರ ಮೇಲೆ ನಿಂತಿರುವುದು ಶೋಚನೀಯ. ದೋಷದ ಮೂಲವನ್ನು ಹುಡುಕಿದರೆ, ಮೊದಲ ವಾಕ್ಯದಲ್ಲಿ ನಿಂತ ನೀರು ಒಂದು ಕಡೆ 1.35ರಿಂದ ಹೆಚ್ಚಿತು, ಇನ್ನೊಂದು ಕಡೆ 0.9ರಿಂದ ಕುಗ್ಗಿತು. ಅದೇ ನೀರು ಒಂದೇ ಗಳಿಗೆಯಲ್ಲಿ ಭಾರವಾಗಿಯೂ ಹಗುರವಾಗಿಯೂ ಇರುವುದು ಸಾಧ್ಯವಿಲ್ಲ. ಒಂದೇ ಮೂಲದಿಂದ ಬಂದ ಅನುಕೂಲ ಪ್ರತಿಕೂಲಗಳಿಗೆ ಕೆಲವು ಸಂದರ್ಭಗಳಲ್ಲಿ ಒಂದೇ ಗುಣಕವನ್ನು ಹಾಕಬಹುದೆಂಬ ಟಿಪ್ಪಣಿಯು ಅದೇ ಸಂಹಿತೆಯಲ್ಲಿದೆ. ಆದರೆ ಅದು ಟಿಪ್ಪಣಿ, ವಿಧಿಯಲ್ಲ. "ಹಾಕಬಹುದು" ಎಂದಿದೆಯೇ ಹೊರತು "ಹಾಕತಕ್ಕದ್ದು" ಎಂದಿಲ್ಲ. ನೀರಿನ ಒತ್ತಡವನ್ನು ಗುಣಿಸುವುದಕ್ಕೆ ಬದಲಾಗಿ ನೀರಿನ ಮಟ್ಟವನ್ನೇ ಎಚ್ಚರಿಕೆಯಿಂದ ಮೇಲಕ್ಕೆ ಎಣಿಸಬಹುದೆಂಬ ಅವಕಾಶವೂ ಅದರಲ್ಲಿ ಉಂಟು. ನದಿಯು ಒಂದು ಮೀಟರು ಏರೀತೆಂದು ಭಾವಿಸುವುದರಲ್ಲಿ ಅರ್ಥವಿದೆ. ನೀರಿನ ತೂಕವು ಘನಮೀಟರಿಗೆ ಹದಿಮೂರೂವರೆ ಆದೀತೆಂದು ಭಾವಿಸುವುದರಲ್ಲಿ ಏನೂ ಅರ್ಥವಿಲ್ಲ. ನೀರಿಗೆ ಒಂದೇ ಗುಣಕವೆಂದ ಬ್ರಿಂಕ್ ಹಾನ್ಸೆನನ ವಿವೇಕವು ಇಲ್ಲಿ ನೆನಪಿಗೆ ಬರುವುದು.

ಗುಣಕಗಳ ಜಾಗವು ಸರಿಯಾಗಿದ್ದರೂ, ಅವು ಗುಣಿಸುವ ಮೂಲಸಂಖ್ಯೆ ಎಲ್ಲಿಂದ ಬರುವುದೆಂಬ ಪ್ರಶ್ನೆ ಉಳಿದೇ ಇರುತ್ತದೆ. ಉಕ್ಕಿನ ಬಲವನ್ನು ಕಾರ್ಖಾನೆಯವನು ಖಾತ್ರಿ ಕೊಡುವನು. ಮಣ್ಣಿಗೆ ಖಾತ್ರಿ ಕೊಡುವವರಿಲ್ಲ. ಮಿತಿಸ್ಥಿತಿಯ ಮೇಲೆ ಪರಿಣಾಮ ಮಾಡುವ ಬೆಲೆಯ ಎಚ್ಚರಿಕೆಯ ಅಂದಾಜೇ ಲಕ್ಷಣಮೌಲ್ಯವೆಂದು ಯೂರೋಕೋಡು ಹೇಳುವುದು. ಎಚ್ಚರಿಕೆಯೆಂಬ ಆ ಒಂದು ಶಬ್ದದೊಳಗೆ ಹಳೆಯ ಪದ್ಧತಿಯ ಅನುಭವಜ್ಞಾನವೆಲ್ಲ ಅಡಗಿ ಕುಳಿತಿದೆ. ಮೇಲಿನ ಗೋಡೆಯ ಜೇಡಿಮಣ್ಣಿನ ಪರೀಕ್ಷೆಗಳ ಸರಾಸರಿಯು 50 ಎಂದಿದ್ದರೆ ಒಬ್ಬನು 50ನ್ನೇ ಹಿಡಿಯುವನು, ಇನ್ನೊಬ್ಬನು 42ನ್ನು ಹಿಡಿಯುವನು. ಮೊದಲನೆಯವನು 1.4ರಿಂದ ಭಾಗಿಸಿದರೆ 36, ಎರಡನೆಯವನು ಭಾಗಿಸಿದರೆ 30. ಈ ಇಬ್ಬರ ನಡುವಿನ ಅಂತರವನ್ನು ಯಾವ ಕೋಷ್ಟಕವೂ ತುಂಬಿಕೊಡಲಾರದು.

ಪರೀಕ್ಷೆಯೇ ಸರಿಯಾದ ಮಣ್ಣನ್ನು ಮುಟ್ಟದಿದ್ದರೆ ಎರಡು ಪದ್ಧತಿಗಳೂ ಸಮಾನವಾಗಿ ನಿರುಪಯುಕ್ತ. ಕೆನಡಾ ದೇಶದ ವಿನ್ನಿಪೆಗ್ಗಿನ ಬಳಿಯ ಟ್ರಾನ್ಸ್‌ಕೋನಾ ಎಂಬಲ್ಲಿ ರೈಲ್ವೆಯವರು ಕಟ್ಟಿಸಿದ ಕಾಂಕ್ರೀಟಿನ ದೊಡ್ಡ ಕಣಜವು 1913ರ ಅಕ್ಟೋಬರಿನಲ್ಲಿ, ಮೊದಲ ಸಲ ಧಾನ್ಯ ತುಂಬಿಸುತ್ತಿರುವಾಗಲೇ, ನೆಲದೊಳಕ್ಕೆ ಕುಸಿದು ಸುಮಾರು 27 ಅಂಶದಷ್ಟು ವಾಲಿ ನಿಂತಿತು. ಕಟ್ಟುವುದಕ್ಕೆ ಮುಂಚೆ ಮಣ್ಣನ್ನು ಪರೀಕ್ಷಿಸಿರಲಿಲ್ಲವೆಂದಲ್ಲ. ಅಗೆದ ಗುಂಡಿಯಲ್ಲಿ ಸಣ್ಣ ಹಲಗೆಯನ್ನಿಟ್ಟು ಭಾರ ಹೇರಿ ನೋಡಿದ್ದರು. ಸಣ್ಣ ಹಲಗೆಯ ಒತ್ತಡವು ಮೇಲಿನ ಗಟ್ಟಿ ಜೇಡಿಯಲ್ಲಿಯೇ ಮುಗಿದುಹೋಯಿತು. ಕಣಜದ ಅಗಲವಾದ ತಳಹದಿಯ ಒತ್ತಡವು ಅದರ ಕೆಳಗಿನ ಮೆತ್ತನೆಯ ಜೇಡಿಗೆ ಇಳಿಯಿತು. ಆ ಮೆತ್ತನೆಯ ಪದರವನ್ನು ಆಗ ಯಾರೂ ಅಳೆದಿರಲಿಲ್ಲ. ಮೇಲಿನ ಜೇಡಿಯ ಬಲವನ್ನು ಮೂರರಿಂದ ಭಾಗಿಸುವುದಾಗಲಿ 1.4ರಿಂದ ಭಾಗಿಸುವುದಾಗಲಿ ಕೆಳಗಿನ ಜೇಡಿಯ ಸುದ್ದಿಯನ್ನು ತಂದುಕೊಡುವುದಿಲ್ಲ. ಕಣಜವನ್ನು ಮತ್ತೆ ನೆಟ್ಟಗೆ ನಿಲ್ಲಿಸಿ ಉಪಯೋಗಿಸಿದರೆಂಬುದು ಆ ಕಾಲದ ಇಂಜಿನಿಯರುಗಳ ಸಾಹಸಕ್ಕೆ ಸಾಕ್ಷಿ.

ಭಾರತದಲ್ಲಿ ಈ ಎರಡು ಪದ್ಧತಿಗಳು ಒಂದೇ ತಳಹದಿಯೊಳಗೆ ಎದುರುಬದುರಾಗಿ ನಿಂತಿವೆ. ಕಾಂಕ್ರೀಟಿನ ಸಂಹಿತೆಯಾದ ಐ.ಎಸ್. 456 ತನ್ನ 1978ರ ಪರಿಷ್ಕರಣದಲ್ಲಿ ಮಿತಿಸ್ಥಿತಿ ಪದ್ಧತಿಯನ್ನು ತಂದಿತು. ಧಾರಣಶಕ್ತಿಯನ್ನು ಕುರಿತ 1981ರ ಐ.ಎಸ್. 6403 ಹಳೆಯ ಒಂಟಿ ಸುರಕ್ಷಾಂಕದ ಭಾಷೆಯಲ್ಲಿಯೇ ಬರೆದುದು. ಹೀಗಾಗಿ ಕಂಬದ ಕೆಳಗಿನ ತಳಹದಿಯ ವಿಸ್ತೀರ್ಣವನ್ನು ಹಳೆಯ ಭಾಷೆಯಲ್ಲಿಯೂ, ಅದರ ದಪ್ಪವನ್ನೂ ಕಬ್ಬಿಣವನ್ನೂ ಹೊಸ ಭಾಷೆಯಲ್ಲಿಯೂ ಲೆಕ್ಕ ಹಾಕುವುದು ರೂಢಿಯಾಗಿದೆ. ಕಂಬದ ಬಳಕೆಯ ಭಾರ 1000 ಕಿಲೋನ್ಯೂಟನ್, ಮಣ್ಣಿನ ವರದಿಯಲ್ಲಿ ಬರೆದ ಸುರಕ್ಷಿತ ಧಾರಣಶಕ್ತಿ 200 ಕಿಲೋಪಾಸ್ಕಲ್ ಎಂದರೆ, ಬೇಕಾದ ವಿಸ್ತೀರ್ಣ 5 ಚದರ ಮೀಟರು. ಆಮೇಲೆ ದಪ್ಪವನ್ನು ಕಂಡುಹಿಡಿಯಲು ಭಾರವನ್ನು 1.5ರಿಂದ ಗುಣಿಸಿ 1500 ಮಾಡಿ, ಐದರಿಂದ ಭಾಗಿಸಿ, ಕೆಳಗಿನಿಂದ 300 ಕಿಲೋಪಾಸ್ಕಲ್ ಒತ್ತುವುದೆಂದು ಎಣಿಸುವರು.

ಇನ್ನೂರನ್ನು ಮಾತ್ರ ತಾಳಬಲ್ಲ ಮಣ್ಣು ಮುನ್ನೂರನ್ನು ಹೇಗೆ ಒತ್ತೀತೆಂದು ಹೊಸಬನು ಬೆದರಿ, ವಿಸ್ತೀರ್ಣವನ್ನೇ ಏಳೂವರೆ ಚದರ ಮೀಟರಿಗೆ ಏರಿಸುವುದುಂಟು. ಆಗ ಮಣ್ಣಿನ ವರದಿಯಲ್ಲಿ ಮೊದಲೇ ಸೇರಿರುವ ಸುರಕ್ಷಾಂಕದ ಮೇಲೆ ಇನ್ನೊಂದು ಸುರಕ್ಷಾಂಕವು ಕುಳಿತು, ಕಾಂಕ್ರೀಟು ಒಂದೂವರೆ ಪಾಲಾಗುವುದು. ಮುನ್ನೂರೆಂಬುದು ಮಣ್ಣಿನೊಳಗೆ ಎಲ್ಲಿಯೂ ಇರುವ ಒತ್ತಡವಲ್ಲ. ಕಬ್ಬಿಣವನ್ನು ಕಟ್ಟಲು ಕಾಗದದ ಮೇಲೆ ಕಲ್ಪಿಸಿಕೊಂಡ ಸಂಖ್ಯೆ. ವರದಿಯ ಇನ್ನೂರು ಮುರಿತದಿಂದ ಬಂದುದಲ್ಲದೆ, ಮರಳಿನ ಮೇಲಿನ ತಳಹದಿಗೆ 25 ಮಿಲಿಮೀಟರಿಗಿಂತ ಹೆಚ್ಚು ಇಳಿತವಾಗಬಾರದೆಂಬ ನಿಯಮದಿಂದ ಬಂದುದಾದರೆ ಗೊಂದಲವು ಇನ್ನೂ ಹೆಚ್ಚುವುದು. ಇಳಿತವೆಂಬುದು ದಿನನಿತ್ಯದ ಭಾರದಿಂದಾಗುವುದು. ಗುಣಿಸಿದ ಭಾರವನ್ನು ಇಳಿತದ ಮಿತಿಯೊಡನೆ ಹೋಲಿಸುವುದು, ಎಂದೂ ಬಾರದ ಭಾರಕ್ಕೆ ಎಂದೂ ಆಗದ ಇಳಿತವನ್ನು ಲೆಕ್ಕಹಾಕಿದಂತೆ. ಆದುದರಿಂದ ವರದಿಯನ್ನು ಕೈಗೆ ತೆಗೆದುಕೊಂಡವನು ಆ ಇನ್ನೂರು ಯಾವ ಮಿತಿಯಿಂದ ಬಂದುದು, ಅದರೊಳಗೆ ಯಾವ ಅಂಕವು ಮೊದಲೇ ಸೇರಿದೆ ಎಂಬ ಎರಡನ್ನೂ ಬರೆದವನಿಂದಲೇ ಕೇಳಿ ತಿಳಿದು, ತನ್ನ ಲೆಕ್ಕದ ಮೊದಲ ಹಾಳೆಯಲ್ಲಿ ನಮೂದಿಸಿಕೊಳ್ಳತಕ್ಕದ್ದು.